ಪೌಚ್ ಸಿಕ್ಕಿದೆ: ನಿಮ್ಮದಾದರೆ ಇಲ್ಲಿ ಹೇಳಬೇಡಿ, ನನಗೊಬ್ಬರಿಗೇ ಬರೆಯಿರಿ

ಜೂನ್ 14, ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಇವತ್ತು ಸಂಜೆ ಬಿ ಮತ್ತು ಸಿ ಬ್ಲಾಕ್‌ಗಳ ಕಡೆ ಓಡಾಡುವಾಗ ಜಿಪ್ ಇರುವ ಒಂದು ಸಣ್ಣ ಪೌಚ್ ನನಗೆ ಸಿಕ್ಕಿದೆ. ಒಳಗೆ ಬೀಗದಕೈಗಳಿವೆ, ಬೇರೆ ಕೆಲವು ವಸ್ತುಗಳೂ ಇವೆ. ಯಾರದೆಂದು ತಿಳಿಯುವಂಥ ಹೆಸರು, ಫೋನ್ ನಂಬರ್, ಗುರುತಿನ ಚೀಟಿ ಯಾವುದೂ ಇಲ್ಲ. ಇದ್ದಿದ್ದರೆ ನೇರವಾಗಿ ಅವರ ಮನೆ ಬಾಗಿಲಿಗೇ ಹೋಗುತ್ತಿದ್ದೆ, ನಿಮ್ಮೆಲ್ಲರ ಫೋನ್ ಸದ್ದು ಮಾಡಿಸುತ್ತಿರಲಿಲ್ಲ.

ಪೌಚ್ ನಿಮ್ಮದಾಗಿದ್ದರೆ ದಯವಿಟ್ಟು ಗುಂಪಿನಲ್ಲಿ ಉತ್ತರಿಸಬೇಡಿ. ಈ ಸಂದೇಶದ ಮೇಲಿರುವ ನನ್ನ ಹೆಸರನ್ನು ಒತ್ತಿ ಖಾಸಗಿಯಾಗಿ ಬರೆಯಿರಿ. ಪೌಚ್‌ನ ಬಣ್ಣವೇನು, ಬಟ್ಟೆಯದೋ ಚರ್ಮದ್ದೋ, ಬೀಗದಕೈ ಎಷ್ಟು, ಗೊಂಚಲಿಗೆ ಏನು ನೇತುಹಾಕಿದ್ದೀರಿ, ಬೀಗದಕೈ ಬಿಟ್ಟು ಒಳಗೆ ಇನ್ನೇನಿತ್ತು, ಕೊನೆಯ ಸಲ ಎಲ್ಲಿ, ಎಷ್ಟು ಹೊತ್ತಿಗೆ ಕೈಯಲ್ಲಿದ್ದದ್ದು ನೆನಪಿದೆ, ಇಷ್ಟನ್ನು ನಿಮ್ಮ ಮಾತಿನಲ್ಲೇ ಹೇಳಿ. "ನೀಲಿ ಬಣ್ಣದ್ದಾ?" ಎಂದು ನಾನು ಕೇಳುವುದು, "ಹೌದು ಹೌದು" ಎಂದು ನೀವು ಹೇಳುವುದು, ಹಾಗಾಗುವುದು ಬೇಡ. ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳಿದರೆ ಯಾರು ಬೇಕಾದರೂ ಪಾಸಾಗುತ್ತಾರೆ. (ನೀಲಿ ಅಂದದ್ದು ಬರೀ ಉದಾಹರಣೆಗೆ. ಅದನ್ನೇ ಹಿಡಿದುಕೊಂಡು ಬರಬೇಡಿ.)

ಎಲ್ಲವೂ ಕರಾರುವಾಕ್ಕಾಗಿ ನೆನಪಿರಬೇಕೆಂದೇನೂ ಇಲ್ಲ. ದಿನಾ ಹಿಡಿದು ಓಡಾಡುವ ಗೊಂಚಲಿನಲ್ಲಿ ನಾಲ್ಕಿವೆಯೋ ಐದಿವೆಯೋ ಎಂದು ಕೇಳಿದರೆ ನಾನೂ ತಡವರಿಸುತ್ತೇನೆ. ಒಂದು ವಿವರ ತಪ್ಪಿದರೆ ಚಿಂತೆಯಿಲ್ಲ, ಒಟ್ಟಾರೆ ಹೊಂದಬೇಕು ಅಷ್ಟೆ. ಮನೆಯಲ್ಲಿ ಅದೇ ಬೀಗದ ಇನ್ನೊಂದು ಕೈ ಇದ್ದರೆ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಹಲ್ಲು ಹೋಲಿಸಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಫೋಟೊ ಯಾಕೆ ಹಾಕಿಲ್ಲ ಎಂದು ಕೇಳುವವರಿದ್ದೀರಿ, ಗೊತ್ತು. ಫೋಟೊ ಹಾಕಿದ ಕ್ಷಣವೇ ಮೇಲಿನ ಪ್ರಶ್ನೆಗಳಿಗೆಲ್ಲ ಉತ್ತರ ಇಡೀ ಗುಂಪಿಗೆ ಸಿಕ್ಕಿಬಿಡುತ್ತದೆ, ಆಮೇಲೆ ನಿಜವಾದ ಮಾಲೀಕರನ್ನು ಗುರುತಿಸಲು ನನ್ನ ಬಳಿ ಏನೂ ಉಳಿಯುವುದಿಲ್ಲ. ಇದು ಒಂದು. ಇನ್ನೊಂದು, ಬೀಗದಕೈಯ ಚಿತ್ರವೇ ಅಪಾಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು 2008ರಲ್ಲೇ ಬರೀ ಫೋಟೊದಿಂದ ಹಲ್ಲುಗಳ ಏರಿಳಿತ ಅಳೆದು ನಕಲಿ ಬೀಗದಕೈ ಮಾಡಬಹುದೆಂದು ತೋರಿಸಿದ್ದರು, ಅದೂ ದೂರದಿಂದ ತೆಗೆದ ಫೋಟೊದಿಂದ. ಇವತ್ತು ಎಲ್ಲರ ಜೇಬಿನಲ್ಲೂ ಆಗಿನದಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ. ಪೌಚ್ ಎಲ್ಲಿ ಬಿದ್ದಿತ್ತು ಎಂಬ ಸರಿಯಾದ ಜಾಗವನ್ನೂ ಬೇಕೆಂದೇ ಬರೆದಿಲ್ಲ.

ಪೌಚ್ ನನ್ನ ಮನೆಯಲ್ಲಿಲ್ಲ. ಸಿಕ್ಕ ಕೂಡಲೇ ಸಂಘದ ಕಾರ್ಯದರ್ಶಿಯವರನ್ನು ಕರೆದು, ಅವರೆದುರಿಗೇ ತೆರೆದು, ಒಳಗಿದ್ದದ್ದನ್ನೆಲ್ಲ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದ್ದೇವೆ. ಲಕೋಟೆಗೆ ಹಾಕಿ ಅಂಟಿಸಿ ಸಂಘದ ಕಚೇರಿಯ ಬೀರುವಿನಲ್ಲಿಟ್ಟಿದ್ದೇವೆ. ನಾಳೆ ಮಾಲೀಕರು ಬಂದು "ಇನ್ನೊಂದು ವಸ್ತುವೂ ಇತ್ತಲ್ಲ" ಎಂದರೆ ಅವರಿಗೂ ನನಗೂ ಮನಸ್ತಾಪ ಆಗಬಾರದು ನೋಡಿ.

ಕೊಡುವುದು ಕಚೇರಿಯಲ್ಲೇ, ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 7ರ ನಡುವೆ. ಕಾರ್ಯದರ್ಶಿ ಅಥವಾ ಖಜಾಂಚಿ ಜೊತೆಗಿರುತ್ತಾರೆ. ಪಟ್ಟಿ ನೋಡಿಕೊಂಡು, ಎಲ್ಲ ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಬಹುದು. ಗುರುತಿನ ಚೀಟಿ ನೋಡಿ ಅಲ್ಲೇ ಹಿಂದಿರುಗಿಸುತ್ತೇವೆ. ಜೆರಾಕ್ಸ್, ಫೋಟೊ ಏನೂ ತೆಗೆದುಕೊಳ್ಳುವುದಿಲ್ಲ. ಮಕ್ಕಳದಾಗಿದ್ದರೆ ಮನೆಯ ದೊಡ್ಡವರೊಬ್ಬರು ಜೊತೆಗೆ ಬನ್ನಿ. "ನಮ್ಮ ಮನೆಗೇ ತಂದುಕೊಡಿ", "ಡ್ರೈವರ್ ಕೈಗೆ ಕೊಟ್ಟು ಕಳಿಸಿ" ಎಂಬುದು ಬೇಡ. ಇನ್ನೊಬ್ಬರ ಮನೆಯ ಬೀಗದಕೈ ಎಂಬುದು ನೆನಪಿರಲಿ.

ದುಡ್ಡಿನ ಮಾತೇ ಇಲ್ಲ. ನನಗೆ ಬಹುಮಾನ ಬೇಡ, ಸಂಘಕ್ಕೆ ಶುಲ್ಕವೂ ಇಲ್ಲ. ಈ ಪೌಚ್ ಹೆಸರು ಹೇಳಿಕೊಂಡು ಯಾರಾದರೂ ಹಣ ಕೇಳಿದರೆ, ಕ್ಯೂಆರ್ ಕೋಡ್ ಕಳಿಸಿದರೆ, ಅಥವಾ "ನೀವೇ ಮಾಲೀಕರು ಎಂದು ಖಾತ್ರಿಯಾಗಬೇಕು, ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳಿ" ಎಂದರೆ ಅದು ನಾವಲ್ಲ. ಆ ಆರು ಅಂಕಿ ಕೊಟ್ಟರೆ ನಿಮ್ಮ ವಾಟ್ಸಾಪ್ ಖಾತೆಯೇ ಅವರ ಕೈಗೆ ಹೋಗಬಹುದು. ಏನೋ ಕಳೆದುಕೊಂಡು ಗಾಬರಿಯಲ್ಲಿರುವವರನ್ನು ಹುಡುಕಿಕೊಂಡೇ ಇಂಥ ಕರೆಗಳು ಬರುತ್ತವೆ.

ಮಾಲೀಕರಿಗೆ ಒಂದು ಮಾತು. ನನಗೆ ಸಿಗುವ ಮೊದಲು ಪೌಚ್ ಎಷ್ಟು ಹೊತ್ತು ಅಲ್ಲಿ ಬಿದ್ದಿತ್ತು, ಯಾರ ಕೈಗಾದರೂ ಸಿಕ್ಕಿತ್ತೋ ಇಲ್ಲವೋ, ನಾನು ಹೇಳಲಾರೆ. ಒಳಗೆ ವಿಳಾಸ ಇಲ್ಲದಿರುವುದು ಸಮಾಧಾನದ ವಿಷಯ. ಆದರೂ ಬೀಗ ಬದಲಿಸಬೇಕೇ ಎಂಬುದನ್ನು ನೀವೇ ಯೋಚಿಸಿ. ವಾಪಸ್ ಸಿಕ್ಕಿತು ಎಂದ ಮಾತ್ರಕ್ಕೆ ನಾನು ಭರವಸೆ ಕೊಡುವ ಸ್ಥಿತಿಯಲ್ಲಿಲ್ಲ.

ಉಳಿದವರಲ್ಲಿ ಒಂದು ವಿನಂತಿ. ಕಳೆದುಕೊಂಡವರು ಈ ಗುಂಪಿನಲ್ಲಿ ಇಲ್ಲದಿರಬಹುದು. ಮನೆಕೆಲಸಕ್ಕೆ ಬರುವವರು, ಅಡುಗೆಯವರು, ಡ್ರೈವರ್‌ಗಳು, ಪಾಠ ಹೇಳಿಕೊಡಲು ಬರುವವರು, ವಾರದ ಕೊನೆಗೆ ಬಂದ ನೆಂಟರು, ಇವರಿಗೆಲ್ಲ ಬಾಯಿಮಾತಿನಲ್ಲಿ ಒಮ್ಮೆ ಕೇಳಿ. ಅವರಲ್ಲಿ ಯಾರೇ ಬಂದರೂ ಕೇಳುವುದು ಇದೇ ಪ್ರಶ್ನೆಗಳನ್ನು, ಒಂದೂ ಹೆಚ್ಚಿಲ್ಲ. ಫ್ಲ್ಯಾಟ್ ಮಾಲೀಕರಿಗೆ ಒಂದು ನಿಯಮ, ಕೆಲಸದವರಿಗೆ ಇನ್ನೊಂದು ಎಂಬುದನ್ನು ನಾನು ಒಪ್ಪುವುದಿಲ್ಲ, ಕಾರ್ಯದರ್ಶಿಯವರೂ ಒಪ್ಪುವುದಿಲ್ಲ.

ಗೇಟಿನ ಸೆಕ್ಯೂರಿಟಿ ಕೋಣೆಯ ಹೊರಗೆ ಈ ಚೀಟಿ ಅಂಟಿಸಿದ್ದೇವೆ:

"ಬೀಗದಕೈ ಇರುವ ಸಣ್ಣ ಪೌಚ್ ಶನಿವಾರ (ಜೂನ್ 14) ಸಂಜೆ ಆವರಣದೊಳಗೆ ಸಿಕ್ಕಿದೆ. ಕಳೆದುಕೊಂಡವರು ಗುರುತು ಹೇಳಿ ಸಂಘದ ಕಚೇರಿಯಲ್ಲಿ ಪಡೆಯಬಹುದು. ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 7. ಹಣ ಕೊಡಬೇಕಾಗಿಲ್ಲ."

ಓದಲು ಬಾರದವರಿಗೆ ಸೆಕ್ಯೂರಿಟಿಯವರೇ ಹೇಳುತ್ತಾರೆ. ಒಳಗೆ ಏನೇನಿದೆ ಎಂಬುದು ಅವರಿಗೂ ಗೊತ್ತಿಲ್ಲ, ಹಾಗಾಗಿ ಅವರನ್ನು ಕೇಳಿ ಪ್ರಯೋಜನವಿಲ್ಲ.

ಜೂನ್ 28ರವರೆಗೆ ಯಾರೂ ಬರದಿದ್ದರೆ ಪಟ್ಟಿಯ ಸಮೇತ ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪತ್ರ ಪಡೆಯುತ್ತೇವೆ. ಅದರ ಪ್ರತಿ ಕಚೇರಿಯಲ್ಲಿರುತ್ತದೆ. ತಡವಾಗಿ ನೆನಪಾದವರು ಅದನ್ನು ಹಿಡಿದು ಅಲ್ಲಿಗೆ ಹೋಗಬಹುದು.

---

ಜೂನ್ 15, ಭಾನುವಾರ ಸಂಜೆ

ಪೌಚ್ ಇನ್ನೂ ಕಚೇರಿಯಲ್ಲೇ ಇದೆ. ಕೆಲವರು ಬರೆದಿದ್ದರು, ವಿವರ ಹೊಂದಲಿಲ್ಲ. ಅವರು ಯಾರೆಂದು ಕೇಳಬೇಡಿ. ಅವರೂ ನಿಜವಾಗಿಯೇ ಪೌಚ್ ಕಳೆದುಕೊಂಡಿರಬಹುದು, ಅದು ಇದಲ್ಲ ಅಷ್ಟೆ. ಒಂದು ಗೊತ್ತಿಲ್ಲದ ನಂಬರಿನಿಂದ ಮಾತ್ರ "ಮೊದಲು ಫೋಟೊ ಕಳಿಸಿ, ಆಮೇಲೆ ಹೇಳ್ತೀನಿ" ಎಂದು ಬಂತು. ನನ್ನ ಪ್ರಶ್ನೆಗಳನ್ನೇ ಮತ್ತೆ ಕಳಿಸಿದೆ, ಅಲ್ಲಿಂದ ಮುಂದೆ ಸದ್ದಿಲ್ಲ.

ಗುಂಪಿನಲ್ಲಿ ಬಂದ ಸಲಹೆಗಳಿಗೆ ಒಟ್ಟಿಗೇ ಉತ್ತರಿಸುತ್ತೇನೆ.

ಬೀಗದಕೈಗಳನ್ನು ಪ್ರತಿ ಮನೆ ಬಾಗಿಲಿಗೂ ಹಾಕಿ ನೋಡಿ ಎಂದವರೇ, ಉತ್ಸಾಹಕ್ಕೆ ಧನ್ಯವಾದ. ಆದರೆ ಯಾರೂ ಇಲ್ಲದ ಮನೆಯ ಬೀಗ ತೆರೆದುಕೊಂಡರೆ ಹೊಸ್ತಿಲಲ್ಲಿ ನಿಂತವನು ನಾನು! ಆಗುವುದಿಲ್ಲ.

ಸಿಸಿಟಿವಿ ದೃಶ್ಯವನ್ನು ಗುಂಪಿಗೆ ಹಾಕುವುದಿಲ್ಲ. ಒಂದು ಪೌಚ್‌ಗಾಗಿ ಇಡೀ ಸಂಜೆ ಯಾರು ಯಾರ ಜೊತೆ ಓಡಾಡಿದರು, ಯಾರ ಮಕ್ಕಳು ಎಲ್ಲಿ ಆಡುತ್ತಿದ್ದರು ಎಂಬುದು ಮುನ್ನೂರು ಫೋನುಗಳಿಗೆ ಹೋಗಬೇಕಾಗಿಲ್ಲ. ಇಬ್ಬರು ಬಂದು ಇಬ್ಬರ ವಿವರವೂ ಸಮನಾಗಿ ಹೊಂದಿದರೆ ಕಾರ್ಯದರ್ಶಿಯವರು ಮಾತ್ರ ನೋಡುತ್ತಾರೆ. ಅಲ್ಲಿಯವರೆಗೆ ಇಬ್ಬರಲ್ಲಿ ಯಾರಿಗೂ ಕೊಡುವುದಿಲ್ಲ.

ಇದು ಇಂಥವರದೇ ಇರಬೇಕು ಎಂದು ಊಹಿಸಿ ಒಬ್ಬರು ಹೆಸರು ಬರೆದಿದ್ದರು, ಅಡ್ಮಿನ್ ಅಳಿಸಿದ್ದಾರೆ. ಅವರ ಮನೆಯ ಬೀಗದಕೈ ಕಳೆದಿದೆ ಎಂಬ ಸುದ್ದಿ, ನಿಜವಿರಲಿ ಸುಳ್ಳಿರಲಿ, ಹರಡುವುದು ಅವರಿಗೆ ಒಳ್ಳೆಯದಲ್ಲ. ಅನುಮಾನವಿದ್ದರೆ ಅವರಿಗೇ ಫೋನ್ ಮಾಡಿ.

ಸಂದೇಶವನ್ನು ಬೇರೆ ಗುಂಪುಗಳಿಗೆ ಕಳಿಸಿದವರಿಗೆ: ಅಲ್ಲಿ ಓದುವವರಿಗೆ ಒತ್ತಲು ನನ್ನ ಹೆಸರು ಕಾಣುವುದಿಲ್ಲ. ಗೇಟಿಗೆ ಬಂದು ಕೇಳಲಿ ಎಂದು ಜೊತೆಗೆ ತಿಳಿಸಿ. ನನ್ನ ನಂಬರನ್ನು ದಯವಿಟ್ಟು ಹಂಚಬೇಡಿ.

---

ಜೂನ್ 18, ಬುಧವಾರ

ಪೌಚ್ ಮಾಲೀಕರಿಗೆ ಸೇರಿದೆ. ಅವರು ಈ ಗುಂಪಿನಲ್ಲಿಲ್ಲ. ಇಲ್ಲಿನ ಒಂದು ಮನೆಯವರು ಬಾಯಿಮಾತಿನಲ್ಲಿ ವಿಚಾರಿಸಿದ್ದರಿಂದ ಗೊತ್ತಾಯಿತು. ವಿವರ ಹೊಂದಿತು, ಇನ್ನೊಂದು ಬೀಗದಕೈಯೂ ಹೊಂದಿತು, ಖಜಾಂಚಿಯವರ ಎದುರಿಗೆ ಪಟ್ಟಿ ಪರಿಶೀಲಿಸಿ ಸಹಿ ಮಾಡಿ ತೆಗೆದುಕೊಂಡು ಹೋದರು.

ಯಾರದು, ಒಳಗೆ ಏನಿತ್ತು ಎಂದು ತುಂಬಾ ಜನ ಕೇಳುತ್ತಿದ್ದೀರಿ. ಅದನ್ನು ಹೇಳುವುದಿದ್ದರೆ ಅವರೇ ಹೇಳಲಿ.

ಗೇಟಿನ ಚೀಟಿ ತೆಗೆದಾಯಿತು. ಬೇರೆ ಗುಂಪುಗಳಿಗೆ ಕಳಿಸಿದವರು ಅಲ್ಲಿಯೂ "ಮಾಲೀಕರು ಸಿಕ್ಕಿದ್ದಾರೆ" ಎಂದು ಹಾಕಿಬಿಡಿ, ಇಲ್ಲದಿದ್ದರೆ ಮುಂದಿನ ತಿಂಗಳೂ ಯಾರೋ ಗೇಟಿಗೆ ಬಂದು ಸೆಕ್ಯೂರಿಟಿಯವರನ್ನು ಕೇಳುತ್ತಿರುತ್ತಾರೆ.