ತೊಗರಿಬೇಳೆ ಡಬ್ಬದೊಳಗಿನ ದನಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಶಿವಣ್ಣನ ದಿನಸಿ ಅಂಗಡಿ ಇದೆ. ಅದರ ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಮಿಷನ್ ತುಳಿಯುತ್ತಾ ತಲೆ ಎತ್ತಿದರೆ ಅವರ ಗಲ್ಲಾಪೆಟ್ಟಿಗೆ ಕಾಣುತ್ತದೆ. ಹಾಗಾಗಿ ಆ ಸೋಮವಾರ ನಡೆದದ್ದನ್ನೆಲ್ಲ ನಾನು ಕಣ್ಣಾರೆ ನೋಡಿದೆ.

ಬೆಳಗ್ಗೆ ಒಂಬತ್ತರ ಹೊತ್ತು. ಅಂಗಡಿ ಮುಂದೆ ಆರೇಳು ಜನ. ಇದ್ದಕ್ಕಿದ್ದಂತೆ ಒಂದು ಹೆಂಗಸಿನ ದನಿ ಗಟ್ಟಿಯಾಗಿ ಹೇಳಿತು. "ಅಪ್ಪ, ಸಕ್ಕರೆ ಮಾತ್ರೆ ತಗೊಂಡ್ರಾ? ಕದ್ದು ಮೈಸೂರು ಪಾಕ್ ತಿನ್ನಬೇಡಿ."

ಎಲ್ಲರೂ ನಕ್ಕರು. ಶಿವಣ್ಣನೂ ನಕ್ಕರು. ಮಗಳು ತುಮಕೂರಿನಿಂದ ದಿನಾ ಕಳಿಸುವ ಮೆಸೇಜು ಅದು. ಫೋನು ಯಾಕೆ ಬಾಯಿಬಿಟ್ಟು ಓದಿತು ಅಂತ ಮಾತ್ರ ಅವರಿಗೆ ತಿಳಿಯಲಿಲ್ಲ. ತಕ್ಕಡಿ ಪಕ್ಕದಲ್ಲಿದ್ದ ಫೋನನ್ನು ಎತ್ತಿಕೊಂಡು ಬೆರಳಿಟ್ಟರು. ಅದು ಮುಟ್ಟಿದ್ದನ್ನೆಲ್ಲ ಹೇಳತೊಡಗಿತು. ಗಂಟೆ ಎಷ್ಟು, ಬ್ಯಾಟರಿ ಎಷ್ಟು, ಯಾವ ಆ್ಯಪು. ಬೆರಳಿಟ್ಟ ಕಡೆ ಒಂದು ಚೌಕಟ್ಟು ಮೂಡುತ್ತಿತ್ತೇ ಹೊರತು ಏನೂ ತೆರೆದುಕೊಳ್ಳುತ್ತಿರಲಿಲ್ಲ. ಆಫ್ ಮಾಡೋಣ ಅಂದರೆ ಅದೂ ಆಗಲಿಲ್ಲ. ಭಾನುವಾರ ಮೊಮ್ಮಗ ಬಂದಿದ್ದವನು ಫೋನ್ ಹಿಡಿದು ಆಡಿದ್ದ. ಏನೋ ಒತ್ತಿರಬೇಕು ಅಂದುಕೊಂಡು ಶಿವಣ್ಣ ಬೆಲ್ಲ ತೂಗಲು ಹೋದರು. ವ್ಯಾಪಾರದ ಹೊತ್ತು, ಬಿಡೋಕಾಗುತ್ತಾ?

ಹತ್ತು ನಿಮಿಷಕ್ಕೆ ಇನ್ನೊಂದು. "ನಿಮ್ಮ ಒಡವೆ ಸಾಲದ ಬಡ್ಡಿ ಬಾಕಿ ಇದೆ. ಕೂಡಲೇ ಕಟ್ಟಿ."

ಈ ಸಲ ಯಾರೂ ನಗಲಿಲ್ಲ. ಒಬ್ಬರು ಮೆಣಸಿನಕಾಯಿ ಚೀಲದ ಕಡೆ ನೋಡಿದರು, ಇನ್ನೊಬ್ಬರು ಬೀದಿ ಕಡೆ. ಶಿವಣ್ಣನ ಹೆಂಡತಿಯ ಬಳೆ ಗಿರವಿಗೆ ಹೋಗಿದ್ದು ಆವರೆಗೆ ನನಗೂ ಗೊತ್ತಿರಲಿಲ್ಲ. ಅವರು ಒಂದು ಮಾತೂ ಆಡದೆ ಬೆಲ್ಲದ ಪೊಟ್ಟಣಕ್ಕೆ ದಾರ ಸುತ್ತಿದರು. ಎರಡು ಸುತ್ತು ಸಾಕಾಗುವ ಕಡೆ ಐದು ಸುತ್ತು ಸುತ್ತಿದರು.

ಮೂರನೆಯದು ಜಯಮ್ಮನ ಮೆಸೇಜು.

ನಮ್ಮ ಕಡೆ ಸಾಲದ ಲೆಕ್ಕ ಹೇಗೆ ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಉಂಡೆ ಕೊಬ್ಬರಿ ಬೇಕು ಅಂದರೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸುಮಾರು ಹತ್ತು ಹನ್ನೊಂದು ತಿಂಗಳು ಹಾಗೇ ಬಿಡಬೇಕು. ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅಷ್ಟು ದಿನ ಮನೆ ನಡೆಯೋದು ದಿನಸಿ ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ. ಕೊಬ್ಬರಿ ಮಾರಿದ ದಿನ ಬಂದು ತೀರಿಸುತ್ತಾರೆ. ಯಾರದ್ದು ಎಷ್ಟಿದೆ ಅಂತ ಶಿವಣ್ಣ ಹೆಂಡತಿಗೂ ಹೇಳಿದವರಲ್ಲ. ಒಬ್ಬರ ಲೆಕ್ಕ ಬರೆಯುವಾಗ ಪಕ್ಕದವರಿಗೆ ಕಾಣದ ಹಾಗೆ ಎಡಗೈ ಅಡ್ಡ ಇಡುತ್ತಾರೆ, ಪರೀಕ್ಷೆ ಬರೆಯುವ ಹುಡುಗನ ಹಾಗೆ. ಇಪ್ಪತ್ತು ವರ್ಷದಿಂದ ನಾನು ಆ ಎಡಗೈ ನೋಡುತ್ತಾ ಬಂದಿದ್ದೇನೆ.

ಜಯಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ಮೈಕ್ ಒತ್ತಿ ಮಾತಾಡಿದರೆ ಫೋನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಅದಕ್ಕೇ ಇರಬೇಕು, ಅವಳ ಮಾತು ಒಂದಕ್ಷರ ತಪ್ಪದೆ ಹೊರಗೆ ಬಂತು.

"ಶಿವಣ್ಣ, ನಾನು ಜಯಮ್ಮ. 2,340 ರೂಪಾಯಿ ಈ ತಿಂಗಳೂ ಹೊಂದಿಸೋಕೆ ಆಗ್ಲಿಲ್ಲ. ಅಕ್ಕಿ ಮುಗಿದಿದೆ. ನಮ್ಮ ವಾರಗಿತ್ತಿ ಮನೆಯವರಿಗೆ..."

ವಾರಗಿತ್ತಿ ಅಲ್ಲೇ ನಿಂತಿದ್ದಳು, ಕೈಯಲ್ಲಿ ಸೋಪು ಹಿಡಿದುಕೊಂಡು.

ಶಿವಣ್ಣ ಫೋನಿನ ಮೇಲೆ ಎರಡೂ ಅಂಗೈ ಒತ್ತಿದರು. ದನಿ ನಿಲ್ಲಲಿಲ್ಲ. ಕೈಗೆ ಸಿಕ್ಕಿದ್ದು ತೊಗರಿಬೇಳೆ ಡಬ್ಬ. ಫೋನನ್ನು ಮೊಣಕೈವರೆಗೆ ಬೇಳೆಯೊಳಗೆ ಹೂತು ಮುಚ್ಚಳ ಹಾಕಿದರು. ಆ ಹೆಂಗಸಿನ ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತಲೇ ಇತ್ತು. "...ಗೊತ್ತಾಗೋದು ಬೇಡ."

ಆಮೇಲೆ ಶಿವಣ್ಣ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಅದು ಹಳೇ ಮೆಸೇಜು. ಹೋದ ವರ್ಷದ್ದು. ಆ ಲೆಕ್ಕ ತೀರಿ ಎಷ್ಟೋ ದಿನ ಆಯ್ತು."

ಒಂದು ಗ್ರಾಂ ಹೆಚ್ಚುಕಮ್ಮಿ ತೂಗದ ಮನುಷ್ಯ. ಅವರು ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಹೇಳುವಾಗ ಕಿವಿಯ ತುದಿ ಕೆಂಪಾಗಿತ್ತು. ವಾರಗಿತ್ತಿ ಸೋಪಿಗೆ ದುಡ್ಡು ಇಟ್ಟು ಸುಮ್ನೆ ಹೋದಳು. ನಂಬಿದಳೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಅವತ್ತು ಶಿವಣ್ಣ ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಲಿಲ್ಲ. ಫೋನ್ ಪೇ ಮಾಡುತ್ತೇನೆ ಅಂದವರಿಗೆಲ್ಲ ಚಿಲ್ಲರೆ ಇದ್ರೆ ಕೊಡಿ ಅಂದರು. ನಾನೂ ಹೋಗಿ ನೋಡಿದೆ, ನನ್ನ ಕೈಯಲ್ಲೂ ಆಗಲಿಲ್ಲ.

ಸಂಜೆ ಐದಕ್ಕೆ ಸಂಗೀತದ ಮೇಷ್ಟ್ರು ಬಂದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕೋಲು ಮೆಟ್ಟಿಲಿಗೆ ತಾಗಿಸಿ ನಿಂತು, ಕಾಫಿಪುಡಿ ಕೇಳುವ ಮೊದಲೇ ತಲೆ ವಾಲಿಸಿದರು.

"ಶಿವಣ್ಣ, ನನ್ನ ಫೋನಿನ ದನಿ ನಿಮ್ಮ ಬೇಳೆ ಡಬ್ಬದಲ್ಲಿ ಯಾಕಿದೆ?"

ಶಿವಣ್ಣ ಎಲ್ಲ ಹೇಳಿಕೊಂಡರು. ಮೇಷ್ಟ್ರು ನಗಲಿಲ್ಲ. "ಅದು ಟಾಕ್‌ಬ್ಯಾಕ್. ನಮ್ಮಂಥವರಿಗೆ ಕಣ್ಣು ಅದು. ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರ್ತೀನಿ, ಅದಕ್ಕೇ ನನ್ನ ಮನೆ ವಿಷಯ ಬೀದಿಗೆ ಬರಲ್ಲ. ಸೌಂಡ್ ಜಾಸ್ತಿ ಕಮ್ಮಿ ಮಾಡೋ ಎರಡೂ ಬಟನ್ ಒಟ್ಟಿಗೆ ಹಿಡ್ಕೊಳ್ಳಿ. ಮೂರು ಸೆಕೆಂಡ್. ಬಿಡಬೇಡಿ."

ಶಿವಣ್ಣ ಬೇಳೆಯಿಂದ ಫೋನ್ ತೆಗೆದು, ಉಸಿರು ಬಿಗಿಹಿಡಿದು ಒತ್ತಿದರು. ದನಿ ನಿಂತಿತು. ಬೆಳಗ್ಗೆಯಿಂದ ಇಡೀ ಬೀದಿ ಇಷ್ಟು ಹಗುರಾಗಿರಲಿಲ್ಲ.

"ಜೇಬಲ್ಲಿ ಮತ್ತೆ ಒತ್ತಿಕೊಂಡ್ರೆ ಮತ್ತೆ ಶುರುವಾಗುತ್ತೆ," ಅಂದರು ಮೇಷ್ಟ್ರು. "ಸೆಟ್ಟಿಂಗ್ಸ್‌ಗೆ ಹೋಗಿ. ಏನೇನಿದೆ ನನಗೆ ಓದಿ ಹೇಳಿ."

ಕನ್ನಡಕ ಏರಿಸಿಕೊಂಡು ಶಿವಣ್ಣ ಓದತೊಡಗಿದರು. ಪರದೆಯ ಮೇಲಿದ್ದದ್ದನ್ನು ಒಂದೊಂದೇ, ಗಟ್ಟಿಯಾಗಿ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಮುಂದೆ, ಮುಂದೆ ಅನ್ನುತ್ತಿದ್ದರು. Accessibility ಅಂತ ಓದಿದಾಗ, ಹಾಂ, ಅದರೊಳಗೆ ಹೋಗಿ ಅಂದರು. ಅದರೊಳಗೆ TalkBack. ಅದರ ಕೆಳಗೆ ಇನ್ನೊಂದು ಸಾಲು. "ಇಲ್ಲಿ TalkBack shortcut ಅಂತ ಇದೆ ಮೇಷ್ಟ್ರೇ. ಇದೇ ಅಲ್ವಾ?" ಅಂತ ಶಿವಣ್ಣನೇ ಕೇಳಿದರು. ಅದೇ. ಬೆರಳಲ್ಲಿ ತಳ್ಳಿ ಆಫ್ ಮಾಡಿದರು. ಕಾಫಿಪುಡಿಗೆ ದುಡ್ಡು ಬೇಡ ಅಂದರು. ಮೇಷ್ಟ್ರು ಒಪ್ಪಲಿಲ್ಲ, ಎಣಿಸಿ ಕೊಟ್ಟೇ ಹೋದರು.

ಏಳು ಗಂಟೆಗೇ ಶಿವಣ್ಣ ಷಟರ್ ಎಳೆದರು. ಐದು ಕೆಜಿ ಅಕ್ಕಿಯ ಚೀಲ ಕೈಯಲ್ಲಿತ್ತು. "ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ, ಬಾರಪ್ಪ," ಅಂದರು. ನಾನು ಜೊತೆಗೆ ಹೋದೆ.

ಜಯಮ್ಮ ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಶಿವಣ್ಣ ನಿಂತಲ್ಲೇ ಹೇಳಿದರು. "ಜಯಮ್ಮ, ನಿನ್ನ ಮೆಸೇಜು ಬೆಳಗ್ಗೆ ಅಂಗಡೀಲಿ ಎಲ್ಲರಿಗೂ ಕೇಳಿಸಿಬಿಡ್ತು. ನಿನ್ನ ವಾರಗಿತ್ತಿನೂ ಇದ್ಳು. ಹಳೇದು ಅಂತ ಸುಳ್ಳು ಹೇಳಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ಬಂದೆ. ತಪ್ಪಾಯ್ತು ತಾಯಿ."

ಜಯಮ್ಮನ ಕೈ ನಿಂತಿತು. ಒಂದು ಕಟ್ಟು ಸೊಪ್ಪು ಪೂರ್ತಿ ಬಿಡಿಸುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಏಣಿ ಹತ್ತಿ ಅಟ್ಟಕ್ಕೆ ಹೋದಳು. ಒಂದು ಕಾಯಿ ಹಿಡಿದುಕೊಂಡು ಇಳಿದು ಬಂದು ಶಿವಣ್ಣನ ಕಿವಿಯ ಹತ್ತಿರ ಅಲ್ಲಾಡಿಸಿದಳು.

ಒಳಗೆ ಲೊಟಲೊಟ ಅಂತು.

"ಉಂಡೆ ಬಿಟ್ಟಿದೆ ಶಿವಣ್ಣ," ಅಂದಳು. "ಇನ್ನು ಹದಿನೈದು ದಿನ. ಅಕ್ಕಿ ಒಳಗೆ ಇಡಿ, ಕಾಫಿ ಕುಡ್ಕೊಂಡು ಹೋಗಿ."

ಶಿವಣ್ಣ ಆ ಕಾಯಿಯನ್ನು ಕೈಗೆ ತಗೊಂಡು, ತಾವೇ ಇನ್ನೊಂದು ಸಲ ಅಲ್ಲಾಡಿಸಿ ಕೇಳಿಸಿಕೊಂಡರು.