ಬದಲಾವಣೆ ಸಲಹಾ ಸಮಿತಿ ಸಭೆಯ ನಡಾವಳಿ

ದಿನಾಂಕ: 12-11-2025, ಬುಧವಾರ, ಬೆಳಿಗ್ಗೆ 11 ಗಂಟೆ
ಸ್ಥಳ: ಬ್ಯಾಂಕಿನ ಪ್ರಧಾನ ಕಚೇರಿ, ಪಿ.ಜೆ. ಬಡಾವಣೆ, ದಾವಣಗೆರೆ
ಹಾಜರಿದ್ದವರು: ಐಟಿ ಮುಖ್ಯಸ್ಥರು (ಅಧ್ಯಕ್ಷತೆ), ಡೇಟಾಬೇಸ್ ನಿರ್ವಾಹಕರು, ನೆಟ್‌ವರ್ಕ್ ಎಂಜಿನಿಯರ್, ಭದ್ರತಾ ಅಧಿಕಾರಿ, ಎಪಿಎಂಸಿ ಶಾಖೆಯ ವ್ಯವಸ್ಥಾಪಕಿ
ದಾಖಲಿಸಿದ್ದು: ಬದಲಾವಣೆ ಸಂಯೋಜಕರು

ಕೋರಿಕೆ 118: ಠೇವಣಿ-ಸಾಲ ಡೇಟಾಬೇಸನ್ನು PostgreSQL 12ರಿಂದ 16ಕ್ಕೆ ಏರಿಸುವುದು. ಷರತ್ತಿನ ಮೇಲೆ ಒಪ್ಪಿಗೆ.

ಆವೃತ್ತಿ 12ಕ್ಕೆ 2024ರ ನವೆಂಬರ್‌ನಿಂದಲೇ ಭದ್ರತಾ ತಿದ್ದುಪಡಿ ಬರುತ್ತಿಲ್ಲ. ಇನ್ನೂ ತಡ ಮಾಡುವುದು ತಪ್ಪು. ಆದರೆ ಅವಸರವೂ ಬೇಡ.

ಹೆಚ್ಚು ಹೊತ್ತು ಚರ್ಚೆಯಾದದ್ದು ಒಂದೇ ವಿಷಯ: ಕೆಲಸ ಕೆಟ್ಟರೆ ವಾಪಸ್ ಬರುವುದು ಹೇಗೆ? ಬೇಗ ಮುಗಿಯಲಿ ಎಂದು `pg_upgrade` ಅನ್ನು `--link` ಹಾಕಿ ಓಡಿಸುವ ಯೋಜನೆ ಇತ್ತು. ಹಾಗೆ ಮಾಡಿದರೆ ಹಳೆಯದು, ಹೊಸದು ಎರಡೂ ಅವೇ ಫೈಲುಗಳನ್ನು ಹಂಚಿಕೊಳ್ಳುತ್ತವೆ. ಹೊಸ ಸರ್ವರ್ ಒಮ್ಮೆ ಶುರುವಾಯಿತು ಎಂದರೆ ಹಳೆಯದನ್ನು ನಂಬುವಂತಿಲ್ಲ. ರೈತರ ದುಡ್ಡಿನ ಲೆಕ್ಕ ಇದು, ಎರಡು ಗಂಟೆ ಜಾಸ್ತಿ ಹಿಡಿದರೂ ಸರಿ, ಪೂರ್ತಿ ನಕಲು ಮಾಡಿಯೇ ಏರಿಸಬೇಕು ಎಂದು ಅಧ್ಯಕ್ಷರು ಹೇಳಿದರು. ಎಲ್ಲರೂ ಒಪ್ಪಿದರು.

ನಕಲಿಗೆ ಜಾಗ ಸಾಲದು. ಡೇಟಾ 310 ಜಿಬಿ ಇದೆ, ಸರ್ವರ್‌ನಲ್ಲಿ ಖಾಲಿ ಇರುವುದು 280. ಇದೇ 18ರೊಳಗೆ ಹೆಚ್ಚುವರಿ ಡಿಸ್ಕ್ ಸೇರಬೇಕು, ಸೇರದಿದ್ದರೆ ಈ ಒಪ್ಪಿಗೆ ರದ್ದು.

ಸಮಯ: 21ರ ಶುಕ್ರವಾರ ರಾತ್ರಿ 10ರಿಂದ ಬೆಳಗಿನ 5. ಮರುದಿನ ನಾಲ್ಕನೇ ಶನಿವಾರ, ಶಾಖೆಗಳಿಗೆ ರಜೆ. ಮೆಕ್ಕೆಜೋಳದ ಪಾವತಿ ಜೋರಾಗಿದೆ, ವಾರದ ದಿನ ಬೇಡವೇ ಬೇಡ ಎಂದು ಎಪಿಎಂಸಿ ಶಾಖೆಯವರು ಕೇಳಿಕೊಂಡರು. ರಾತ್ರಿ 3ಕ್ಕೆ ಖಾತೆಗಳ ಬಾಕಿ ತಾಳೆಯಾಗದಿದ್ದರೆ ಗ್ರಾಹಕರಿಗೆ ತೆರೆಯದೆ ಹಳೆಯ ಸರ್ವರ್‌ಗೇ ಮರಳುವುದು. ಏರಿಸಿದ ಮೇಲೆ ಇದನ್ನು ಮರೆಯಬಾರದು, ಇಲ್ಲದಿದ್ದರೆ ಸೋಮವಾರ ಎಲ್ಲವೂ ನಿಧಾನ:

```
vacuumdb --all --analyze-in-stages
```

ಅಪಾಯ: ಹೆಚ್ಚು. ಹೊಣೆ: ಡೇಟಾಬೇಸ್ ನಿರ್ವಾಹಕರು.

ಕೋರಿಕೆ 119: ತಂತ್ರಾಂಶ ಪೂರೈಕೆದಾರರಿಗೆ 3389 ಪೋರ್ಟ್ ಇಂಟರ್ನೆಟ್‌ಗೆ ತೆರೆಯುವುದು. ತಿರಸ್ಕೃತ.

"ಎರಡೇ ದಿನಕ್ಕೆ" ಎಂದು ಕೋರಿಕೆಯಲ್ಲಿದೆ. ರಿಮೋಟ್ ಡೆಸ್ಕ್‌ಟಾಪ್ ಹೀಗೆ ಬಯಲಿಗೆ ಬಿದ್ದರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬೇಗನೆ ಬಾಗಿಲು ತಟ್ಟುತ್ತವೆ ಎಂದು ಭದ್ರತಾ ಅಧಿಕಾರಿ ವಿವರಿಸಿದರು. ವಿಪಿಎನ್ ಮತ್ತು ಒಟಿಪಿ ಮೂಲಕ ಬರುವುದಾದರೆ ಹೊಸ ಕೋರಿಕೆ ಕೊಡಲಿ.

ಕೋರಿಕೆ 121: ಶಾಖೆಗಳ 46 ಕಂಪ್ಯೂಟರ್‌ಗಳಿಗೆ ವಿಂಡೋಸ್ 11. ಮುಂದೂಡಿಕೆ, 26ರ ಸಭೆಗೆ.

ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ, ಹಾಗಾಗಿ ಮುಂದೂಡುವುದು ನಮಗೂ ಇಷ್ಟವಿಲ್ಲ. ಆದರೆ ವ್ಯವಸ್ಥಾಪಕಿಯವರು ವಿಂಡೋಸ್ 11ರಲ್ಲಿ ಪ್ರಯೋಗಕ್ಕೆ ಮುದ್ರಿಸಿದ ಪಾಸ್‌ಬುಕ್ಕೊಂದನ್ನು ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಜಮೆಯ ಸಾಲಿನ ಮೇಲೆಯೇ ಬಾಕಿಯ ಸಾಲು ಕೂತಿತ್ತು, 8,400 ಯಾವುದು 3,400 ಯಾವುದು ತಿಳಿಯುತ್ತಿರಲಿಲ್ಲ. ಓದುಬರಹ ಕಡಿಮೆ ಇರುವವರಿಗೆ ಆ ಪುಸ್ತಕವೇ ಆಧಾರ, ಅಲ್ವಾ? ಪ್ರಿಂಟರ್ ಡ್ರೈವರ್ ಸರಿಯಾಗುವವರೆಗೆ ಕೌಂಟರ್ ಯಂತ್ರಗಳನ್ನು ಮುಟ್ಟುವುದಿಲ್ಲ. ಅಲ್ಲಿಯವರೆಗೆ ಅವುಗಳಲ್ಲಿ ಇಂಟರ್ನೆಟ್ ಮತ್ತು ಯುಎಸ್‌ಬಿ ಬಂದ್. ಟಿಪಿಎಂ 2.0 ಇಲ್ಲದ ಯಂತ್ರಗಳ ಪಟ್ಟಿ 24ರೊಳಗೆ ಬರಬೇಕು.

ಕೋರಿಕೆ 122: ಜಗಳೂರು ಶಾಖೆಯ ಸುಟ್ಟ ರೂಟರ್ ಬದಲಿಸಿದ್ದು. ತುರ್ತು ಕೆಲಸ, 9ರಂದೇ ಆಗಿದೆ. ಘಟನೋತ್ತರ ಒಪ್ಪಿಗೆ. ಹೊಸ ರೂಟರ್‌ನ ಕಾನ್ಫಿಗರೇಷನ್ ಬ್ಯಾಕಪ್ ಇಂದೇ ಸಂಜೆ ತೆಗೆಯಬೇಕು.

ಮುಂದಿನ ಸಭೆ: 26-11-2025, ಬುಧವಾರ, ಬೆಳಿಗ್ಗೆ 11.