ಮೇಷ್ಟರ ಗಮನ ಯಾವ ಬೆಂಚಿನ ಕಡೆ? ಪಾಠದ ವಿಡಿಯೋಗಳ ಅಧ್ಯಯನಕ್ಕೆ ಒಂದು ಪ್ರಸ್ತಾವ

ಹಾಸನ
9 ಫೆಬ್ರವರಿ 2026

ಇವರಿಗೆ,
ಉಪನ್ಯಾಸಕರು, ಸಂಖ್ಯಾಶಾಸ್ತ್ರ ವಿಭಾಗ

ವಿಷಯ: ಆರನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ನಿಮ್ಮ ಪಾಠದ ವಿಡಿಯೋಗಳನ್ನು ಬಳಸಲು ಅನುಮತಿ ಕೋರಿ

ಮೇಡಂ, ನಮಸ್ಕಾರ.

ಹೋದ ಸೆಮಿಸ್ಟರ್‌ನಲ್ಲಿ ನೀವು ಪ್ರಾಬಬಿಲಿಟಿ ಪಾಠಗಳನ್ನು ರೆಕಾರ್ಡ್ ಮಾಡಿಸಿದ್ದಿರಿ. ಮಳೆ ಜೋರಾದಾಗ ಸಕಲೇಶಪುರದ ಕಡೆಯವರಿಗೆ ಬರಲು ಆಗುವುದಿಲ್ಲ, ಅವರಿಗೆ ಪಾಠ ತಪ್ಪಬಾರದು ಅಂತ. ಆ ವಿಡಿಯೋಗಳಲ್ಲಿ 12 ನನ್ನ ಪ್ರಾಜೆಕ್ಟಿಗೆ ಬೇಕು. ಅದಕ್ಕೆ ನಿಮ್ಮ ಒಪ್ಪಿಗೆ ಕೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ತಿಳಿಯಬೇಕಿರುವುದು ಇಷ್ಟು. 50 ನಿಮಿಷದ ಪಾಠದಲ್ಲಿ ಕಲಿಸುವವರ ಗಮನ ತರಗತಿಯ ಯಾವ ಭಾಗಕ್ಕೆ ಎಷ್ಟು ಸಿಗುತ್ತದೆ? ಪ್ರಶ್ನೆ ಯಾವ ಬೆಂಚಿನ ಕಡೆ ಹೋಗುತ್ತದೆ? ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ? ಎಲ್ಲಿಂದ ಬಂದ ಉತ್ತರ ಅವರ ಕಿವಿಗೆ ಬೀಳುತ್ತದೆ?

ಈ ಯೋಚನೆ ಬಂದದ್ದು ಬೇಯ್ಸ್ ಪ್ರಮೇಯದ ವಿಡಿಯೋವನ್ನು ಪರೀಕ್ಷೆಗೆ ಓದುವಾಗ ಮತ್ತೆ ನೋಡಿದಾಗ. "ಟೆಸ್ಟ್ ಪಾಸಿಟಿವ್ ಬಂತು ಅಂದ್ರೆ ಕಾಯಿಲೆ ಇದ್ದೇ ಇದೆ ಅಂತಾನಾ?" ಎಂದು ನೀವು ಕೇಳುತ್ತೀರಿ. ಮುಂದಿನ ಬೆಂಚಿನಿಂದ ಮೂರು ನಾಲ್ಕು ಜನ ಒಟ್ಟಿಗೆ "ಹೌದು ಮೇಡಂ" ಅನ್ನುತ್ತಾರೆ. ನೀವು ಅವರ ಕಡೆ ತಿರುಗಿ ಯಾಕೆ ಅಲ್ಲ ಅಂತ ವಿವರಿಸಲು ಶುರು ಮಾಡುತ್ತೀರಿ. ಅದೇ ಹೊತ್ತಿಗೆ ಬಾಗಿಲ ಪಕ್ಕದ ಕೊನೆ ಬೆಂಚಿನಿಂದ ಒಬ್ಬಳು ಮೆಲ್ಲಗೆ ಹೇಳುತ್ತಾಳೆ: "ಕಾಯಿಲೆ ಎಷ್ಟು ಜನಕ್ಕಿದೆ ಅನ್ನೋದನ್ನೂ ನೋಡ್ಬೇಕಲ್ವಾ." ಸರಿಯಾದ ಉತ್ತರ ಅದೇ. ಫೋನು ಹಿಂದಿನ ಗೋಡೆಯ ಹತ್ತಿರ ಸ್ಟ್ಯಾಂಡಿನ ಮೇಲಿದ್ದದ್ದರಿಂದ ಅದಕ್ಕೆ ಕೇಳಿಸಿದೆ. ಫ್ಯಾನಿನ ಸದ್ದು, ಮುಂದಿನವರ ದನಿ ದಾಟಿ ಅದು ನಿಮ್ಮವರೆಗೆ ಬರುವುದು ಸಾಧ್ಯವೇ ಇರಲಿಲ್ಲ. ಮುಂದೆ ಕೂತಿದ್ದ ನನಗೂ ಅವತ್ತು ಕೇಳಿಸಿರಲಿಲ್ಲ.

ಹೀಗೆ ಎಷ್ಟು ಸಲ ಆಗುತ್ತದೆ, ಯಾವ ಜಾಗದಲ್ಲಿ ಜಾಸ್ತಿ ಆಗುತ್ತದೆ ಎಂದು ಲೆಕ್ಕ ಹಾಕಬಹುದು ಅಂತ ನನಗೆ ಅನಿಸಿತು. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚು ಅಂದರೆ ಬರೀ ಇಷ್ಟಪಟ್ಟು ಹಿಂದೆ ಕೂರುವವರ ಜಾಗ ಅಲ್ಲ. ಆಲೂರು, ಅರಕಲಗೂಡು, ಬೇಲೂರು ಕಡೆಯಿಂದ ಬಸ್ಸಿನಲ್ಲಿ ಬರುವವರು ತಲುಪುವ ಹೊತ್ತಿಗೆ ಮುಂದಿನ ಸಾಲುಗಳು ತುಂಬಿರುತ್ತವೆ. ಪಾಠ ಶುರುವಾಗಿದ್ದರೆ ಬಾಗಿಲ ಹತ್ತಿರ ಜಾಗ ಸಿಕ್ಕಲ್ಲಿ ಕೂತುಬಿಡುತ್ತಾರೆ. ಹಿಂದಿನ ಮೂಲೆಗೆ ಗಮನ ಕಮ್ಮಿ ಸಿಗುತ್ತದೆ ಅನ್ನುವುದು ನಿಜವಾದರೆ, ಅದು ಸಿಗದೆ ಹೋಗುವುದು ದೂರದಿಂದ ಬರುವವರಿಗೆ. ನನಗೆ ಇದು ಮುಖ್ಯ.

ಹಳೆಯ ಕೆಲಸ ಸ್ವಲ್ಪ ಓದಿಕೊಂಡಿದ್ದೇನೆ. ಆಡಮ್ಸ್ ಮತ್ತು ಬಿಡಲ್ ಎಂಬ ಇಬ್ಬರು ತರಗತಿಗಳನ್ನು ವಿಡಿಯೋ ಟೇಪಿನಲ್ಲಿ ತೆಗೆದು ನೋಡಿ, 1970ರಲ್ಲಿ ಪ್ರಕಟಿಸಿದರು. ಮೇಷ್ಟರ ಜೊತೆಗಿನ ಮಾತುಕತೆ ಬಹುಪಾಲು ಮುಂದಿನ ಸಾಲಿನಲ್ಲಿ ಮತ್ತು ತರಗತಿಯ ಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಸಾಲಿನಲ್ಲೇ ನಡೆಯುತ್ತದೆ ಎಂದು ಅವರು ಕಂಡರು. ಅದಕ್ಕೆ 'ಆಕ್ಷನ್ ಝೋನ್' ಅಂತ ಹೆಸರು ಬಂತು. ಮೇರಿ ಬಡ್ ರೋ 1970ರ ದಶಕದಲ್ಲಿ ಇನ್ನೊಂದನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಇರುತ್ತಿದ್ದವರೂ ಮಾತಾಡಿದರು. ಬಿ.ಎಡ್.ನಲ್ಲಿ ಕಲಿಸುವ ಫ್ಲಾಂಡರ್ಸ್ ವಿಧಾನ ನಿಮಗೆ ಗೊತ್ತೇ ಇದೆ: ಹತ್ತು ವರ್ಗ, ಮೂರು ಸೆಕೆಂಡಿಗೊಂದು ಗುರುತು. ಯಾರು ಎಷ್ಟು ಮಾತಾಡಿದರು ಎಂದು ಅದು ಹೇಳುತ್ತದೆ, ಎಲ್ಲಿ ಕೂತವರು ಎಂದು ಹೇಳುವುದಿಲ್ಲ. ಹಾಗಾಗಿ ಅದನ್ನು ಹಾಗೇ ತೆಗೆದುಕೊಳ್ಳುತ್ತಿಲ್ಲ.

ಮಕ್ಕಳ ಮುಖ ನೋಡಿ 'ಇವನ ಗಮನ ಶೇಕಡಾ ಇಷ್ಟು' ಎಂದು ಅಂಕ ಕೊಡುವ ಸಾಫ್ಟ್‌ವೇರ್ ಬಳಸಬಹುದಲ್ಲ ಅಂತ ಗೆಳೆಯರು ಕೇಳಿದರು. ನಾನು ಬೇಡ ಅಂದೆ, ಈಗಲೂ ಅದೇ ಮಾತು. ತಲೆ ತಗ್ಗಿಸಿದವಳು ನೋಟ್ಸ್ ಬರೆಯುತ್ತಿರಬಹುದು. ಬೋರ್ಡನ್ನೇ ದಿಟ್ಟಿಸಿ ನೋಡುವವನ ಮನಸ್ಸು ಬಸ್ ಸ್ಟ್ಯಾಂಡಿನಲ್ಲಿರಬಹುದು. ತಲೆಯೊಳಗೆ ಏನಿದೆ ಎಂದು ಕ್ಯಾಮೆರಾ ಹೇಳಲಾರದು. ಶಾಲೆ ಕಾಲೇಜುಗಳಲ್ಲಿ ಮುಖದಿಂದ ಭಾವನೆ ಊಹಿಸುವ ಇಂಥ ವ್ಯವಸ್ಥೆಗಳನ್ನು ಯುರೋಪಿಯನ್ ಒಕ್ಕೂಟ 2025ರ ಫೆಬ್ರವರಿಯಿಂದ ನಿಷೇಧಿಸಿದೆ. ಕಲಿಸುವವರು ಯಾವ ಕಡೆ ತಿರುಗಿದರು, ಯಾರನ್ನು ಕೇಳಿದರು ಅನ್ನುವುದಾದರೆ ಹೊರಗೆ ಕಾಣುತ್ತದೆ, ಇಬ್ಬರು ಕೂತು ನೋಡಿದರೆ ಒಪ್ಪಿಕೊಳ್ಳಬಹುದು. ಹಿಂದಿನಿಂದ ತೆಗೆದ ನಮ್ಮ ವಿಡಿಯೋದಲ್ಲಿ ಕಾಣುವುದೂ ಅದೇ. ವಿದ್ಯಾರ್ಥಿಗಳ ಬೆನ್ನು ಮಾತ್ರ ಕಾಣುತ್ತದೆ.

ಮಾಡುವ ರೀತಿ ಹೀಗೆ. ತರಗತಿಯನ್ನು ಒಂಬತ್ತು ಭಾಗ ಮಾಡುತ್ತೇನೆ: ಮುಂದೆ, ನಡು, ಹಿಂದೆ, ಪ್ರತಿಯೊಂದರಲ್ಲೂ ಕಿಟಕಿ ಕಡೆ, ಮಧ್ಯ, ಬಾಗಿಲ ಕಡೆ. ಇದರ ಜೊತೆಗೆ ಬೋರ್ಡು ಮತ್ತು ಮೇಜು. ಪ್ರತಿ 10 ಸೆಕೆಂಡಿಗೆ ಒಂದು ಚಿತ್ರ ತೆಗೆದು, ಆ ಕ್ಷಣ ನೀವು ಈ ಹನ್ನೊಂದರಲ್ಲಿ ಯಾವುದರ ಕಡೆ ತಿರುಗಿದ್ದೀರಿ ಎಂದು ಗುರುತು ಹಾಕುವುದು. ಚಿತ್ರ ತೆಗೆಯಲು ಒಂದೇ ಸಾಲು ಸಾಕು:

```
ffmpeg -i class01.mp4 -vf fps=1/10 class01_%03d.png
```

ಒಂದು ಪಾಠಕ್ಕೆ 300 ಚಿತ್ರ, 12 ಪಾಠಕ್ಕೆ 3600. ಒಂದು ಚಿತ್ರದಲ್ಲಿ ಗೊತ್ತಾಗದಿದ್ದರೆ ವಿಡಿಯೋದಲ್ಲಿ ಅದರ ಹಿಂದೆ ಮುಂದೆ ಎರಡು ಸೆಕೆಂಡು ನೋಡುತ್ತೇನೆ. ಆಗಲೂ ಗೊತ್ತಾಗದಿದ್ದರೆ 'ತಿಳಿಯದು' ಅಂತ ಬರೆಯುತ್ತೇನೆ, ಊಹೆ ಮಾಡುವುದಿಲ್ಲ.

ಪ್ರಶ್ನೆಗಳದು ಬೇರೆ ಪಟ್ಟಿ. ಅದಕ್ಕೆ ವಿಡಿಯೋ ಪೂರ್ತಿ ಕೇಳಬೇಕು. ಪ್ರತಿ ಪ್ರಶ್ನೆಗೂ ನಾಲ್ಕು ವಿಷಯ: ಇಡೀ ತರಗತಿಗೆ ಕೇಳಿದ್ದೋ ಒಬ್ಬರಿಗೋ, ಯಾವ ಭಾಗಕ್ಕೆ, ಎಷ್ಟು ಸೆಕೆಂಡು ಕಾದಿರಿ, ಉತ್ತರ ಎಲ್ಲಿಂದ ಬಂತು. ಇದಕ್ಕೆ BORIS ಎಂಬ ಉಚಿತ ತಂತ್ರಾಂಶ ಇದೆ. ಇಟಲಿಯ ಟೊರಿನೊ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ನಡವಳಿಕೆ ಗುರುತಿಸುವ ಕೆಲಸಕ್ಕೂ ಇದನ್ನೇ ಬಳಸುತ್ತಾರೆ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಒಂದು ತೊಂದರೆ ಇದೆ: ಮಳೆ ಶೀಟಿನ ಮೇಲೆ ಬೀಳುವಾಗ ಹಿಂದಿನ ಫೋನಿಗೂ ಏನೂ ಕೇಳುವುದಿಲ್ಲ. ಅಂಥ ನಿಮಿಷಗಳನ್ನು ಪ್ರಶ್ನೆಯ ಲೆಕ್ಕದಿಂದ ಬಿಡುತ್ತೇನೆ, ಎಷ್ಟು ಬಿಟ್ಟೆ ಎಂದು ವರದಿಯಲ್ಲಿ ಬರೆಯುತ್ತೇನೆ.

ನಾನೊಬ್ಬಳೇ ಗುರುತು ಹಾಕಿದರೆ ನನಗೆ ಬೇಕಾದ್ದೇ ನನಗೆ ಕಾಣುತ್ತದೆ. ಅದಕ್ಕೆ 12ರಲ್ಲಿ ಮೂರು ಪಾಠಗಳನ್ನು ನನ್ನ ಸಹಪಾಠಿಯೊಬ್ಬರು ಪ್ರತ್ಯೇಕವಾಗಿ ನೋಡುತ್ತಾರೆ. ಇಬ್ಬರೂ ಶೇಕಡಾ 85 ಒಪ್ಪಿದೆವು ಅಂದರೆ ಸಾಲದು. ಅರ್ಧ ಹೊತ್ತು ಬೋರ್ಡಿನ ಕಡೆಯೇ ಇರುತ್ತೀರಿ, ಕಣ್ಣು ಮುಚ್ಚಿ 'ಬೋರ್ಡು' ಅಂತ ಬರೆದರೂ ಸುಮಾರು ಹೊಂದಿಬಿಡುತ್ತದೆ. ಹಾಗಾಗಿ ಕೋಹೆನ್ ಕಪ್ಪಾ ಬಳಸುತ್ತೇನೆ:

κ = (po − pe) / (1 − pe)

ಇಲ್ಲಿ po ಇಬ್ಬರೂ ಒಪ್ಪಿದ ಪ್ರಮಾಣ, pe ಆಕಸ್ಮಿಕವಾಗಿ ಒಪ್ಪಬಹುದಾದ ಪ್ರಮಾಣ. po 0.85, pe 0.40 ಇದ್ದರೆ ಕಪ್ಪಾ 0.75 ಬರುತ್ತದೆ. 0.70ಕ್ಕಿಂತ ಕೆಳಗೆ ಬಂದರೆ ಗುರುತು ಹಾಕುವ ನಿಯಮವೇ ಸರಿ ಇಲ್ಲ ಎಂದು ತಿಳಿದು, ತಿದ್ದಿ ಮತ್ತೆ ಶುರು ಮಾಡುತ್ತೇವೆ.

ಫಲಿತಾಂಶವನ್ನು ಪ್ರತಿ ಭಾಗದಲ್ಲಿ ಕೂತವರ ಸಂಖ್ಯೆಗೆ ಹೋಲಿಸುತ್ತೇನೆ. ಹಿಂದೆ ಹತ್ತು ಜನ, ಮುಂದೆ ಇಪ್ಪತ್ತು ಜನ ಇದ್ದರೆ ಮುಂದಕ್ಕೆ ಎರಡರಷ್ಟು ಗಮನ ಹೋಗುವುದು ಸಹಜ. ಮೊದಲು ಕೈ-ವರ್ಗ ಪರೀಕ್ಷೆ ಮಾಡಿಬಿಡೋಣ ಅಂದುಕೊಂಡಿದ್ದೆ. ಆದರೆ ಈ ಕ್ಷಣ ಬೋರ್ಡಿನ ಕಡೆ ಇದ್ದವರು 10 ಸೆಕೆಂಡಿನ ನಂತರವೂ ಬಹುಶಃ ಅಲ್ಲೇ ಇರುತ್ತಾರೆ. 3600 ಗುರುತುಗಳು ಸ್ವತಂತ್ರ ಅಲ್ಲ. ಅವನ್ನು ಸ್ವತಂತ್ರ ಅಂತ ತೆಗೆದುಕೊಂಡರೆ ಚಿಕ್ಕ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಇಡೀ ಪಾಠವನ್ನು ಒಂದು ಘಟಕ ಮಾಡಿ, 12 ಪಾಠಗಳ ಮೇಲೆ ಬೂಟ್‌ಸ್ಟ್ರಾಪ್ ಮಾಡುವುದು ಸರಿ ಅನಿಸುತ್ತದೆ. 12 ಕಮ್ಮಿಯೇ, ವಿಶ್ವಾಸಾಂತರಗಳು ಅಗಲವಾಗೇ ಬರುತ್ತವೆ. ಇದರಲ್ಲಿ ನಿಮ್ಮ ಸಲಹೆ ಬೇಕೇ ಬೇಕು.

ಇನ್ನೊಂದು ಗಂಟು. ಹಿಂದೆ ಕೂತದ್ದಕ್ಕೆ ಗಮನ ಸಿಗಲಿಲ್ಲವೋ, ಪ್ರಶ್ನೆ ಬೇಡ ಎಂದೇ ಕೆಲವರು ಹಿಂದೆ ಕೂತರೋ? ಹಳೆಯ ವಿಡಿಯೋಗಳಿಂದ ಇದನ್ನು ಬಿಡಿಸಲು ಆಗುವುದಿಲ್ಲ. ನೀವು ಒಪ್ಪಿದರೆ ಈ ಸೆಮಿಸ್ಟರ್‌ನಲ್ಲಿ ನಾಲ್ಕು ಪಾಠ, ಚೀಟಿ ಎತ್ತಿ ಜಾಗ ಬದಲಿಸಿ ರೆಕಾರ್ಡ್ ಮಾಡಬಹುದು. ಆದರೆ ಇದನ್ನು ಓದಿದ ಮೇಲೆ ನೀವೂ ಹಿಂದಿನ ಬೆಂಚನ್ನು ಜಾಸ್ತಿ ನೋಡುತ್ತೀರಿ, ಅದು ಮನುಷ್ಯ ಸಹಜ. ಈ ಉದ್ದೇಶ ಯಾರಿಗೂ ಗೊತ್ತಿಲ್ಲದಾಗ ತೆಗೆದದ್ದರಿಂದಲೇ ಹಳೆಯ ವಿಡಿಯೋಗಳಿಗೆ ಬೆಲೆ. ಹೊಸ ನಾಲ್ಕನ್ನು ಬೇರೆಯಾಗಿಯೇ ಇಡುತ್ತೇನೆ.

ಒಪ್ಪಿಗೆಯ ವಿಷಯ ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಈ ವಿಡಿಯೋಗಳನ್ನು ತೆಗೆದದ್ದು ಪಾಠ ತಪ್ಪಿದವರಿಗಾಗಿ. ಬೇರೆ ಕೆಲಸಕ್ಕೆ ಬಳಸುವುದಾದರೆ ಎಲ್ಲರನ್ನೂ ಹೊಸದಾಗಿ ಕೇಳಬೇಕು. ತರಗತಿಯ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಕೊಡುತ್ತೇನೆ. ಬೇಡ ಅಂದವರ ಉತ್ತರಗಳನ್ನು ಪಟ್ಟಿಗೆ ಸೇರಿಸುವುದಿಲ್ಲ, ಯಾಕೆ ಅಂತಲೂ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಅದಕ್ಕೇ ಮೊದಲ ವರ್ಷದವರ ವಿಡಿಯೋ ಮುಟ್ಟುತ್ತಿಲ್ಲ, ನಮ್ಮ ಅಂತಿಮ ವರ್ಷದ ತರಗತಿಯದು ಮಾತ್ರ. ಹೆಸರು, ರಿಜಿಸ್ಟರ್ ನಂಬರ್ ಎಲ್ಲೂ ಬರೆಯುವುದಿಲ್ಲ. ವಿಡಿಯೋಗಳು ಲ್ಯಾಬಿನ ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರಿನಲ್ಲಿರುತ್ತವೆ, ವಾಟ್ಸ್ಯಾಪಿಗಾಗಲಿ ಡ್ರೈವಿಗಾಗಲಿ ಹೋಗುವುದಿಲ್ಲ. ವೈವಾ ಮುಗಿದ ಮೇಲೆ ನನ್ನ ಪ್ರತಿ ಅಳಿಸುತ್ತೇನೆ.

ನಿಮ್ಮ ಬಗ್ಗೆಯೂ ಅಷ್ಟೇ ಕಾಳಜಿ ಇದೆ. ಮೊದಲ ಫಲಿತಾಂಶ ನೋಡುವವರು ನೀವು. ವರದಿಯಲ್ಲಿ ನಿಮ್ಮ ಹೆಸರು ಬೇಕೋ ಬೇಡವೋ ಎಂದು ನೀವೇ ಹೇಳಿ. ಇದು ಬೋಧಕರ ಮೌಲ್ಯಮಾಪನದ ಫೈಲಿಗೋ ನ್ಯಾಕ್ ಫೈಲಿಗೋ ಹೋಗಬಾರದು ಎಂದು ವಿಭಾಗದ ಮುಖ್ಯಸ್ಥರಿಂದ ಮೊದಲೇ ಬರೆಸಿಕೊಳ್ಳೋಣ. ನಡುವೆ ಬೇಡ ಅನಿಸಿದರೆ ಒಂದು ಮಾತು ಹೇಳಿ, ಅಲ್ಲಿಗೆ ನಿಲ್ಲಿಸಿ ವಿಷಯ ಬದಲಿಸುತ್ತೇನೆ. ನಿಮ್ಮನ್ನೇ ಕೇಳಲು ಕಾರಣ, ನೀವು ಪ್ರಶ್ನೆ ಕೇಳುತ್ತಾ ಪಾಠ ಮಾಡುತ್ತೀರಿ, ಬೆಂಚುಗಳ ನಡುವೆ ಓಡಾಡುತ್ತೀರಿ. ಬರೀ ನೋಟ್ಸ್ ಬರೆಸುವ ತರಗತಿಯಲ್ಲಿ ಅಳೆಯಲು ಏನೂ ಇರುವುದಿಲ್ಲ.

ಒಟ್ಟು ಎಂಟು ವಾರ ಬೇಕು: ಒಪ್ಪಿಗೆ ಪತ್ರಕ್ಕೆ ಒಂದು, ಗುರುತು ಹಾಕಲು ನಾಲ್ಕು, ಲೆಕ್ಕಕ್ಕೆ ಒಂದು, ಬರೆಯಲು ಎರಡು. ಖರ್ಚು ಪ್ರಿಂಟಿನದು ಮಾತ್ರ.

ನಿಮ್ಮಿಂದ ಬೇಕಿರುವುದು ಅನುಮತಿ, ಮಾರ್ಗದರ್ಶನ, ಮತ್ತು ಶುರುವಿನಲ್ಲಿ ಅರ್ಧ ಗಂಟೆ. ಒಂದು ವಿಡಿಯೋ ಒಟ್ಟಿಗೆ ನೋಡಿ, 'ಇತ್ತ ತಿರುಗಿದರು' ಅಂತ ಯಾವುದನ್ನು ಕರೆಯಬೇಕು ಎಂದು ತೀರ್ಮಾನಿಸಬೇಕು. ತಿರುಗಿದರೂ ನೀವು ನೋಡುತ್ತಿದ್ದದ್ದು ಗಡಿಯಾರವಾಗಿರಬಹುದು, ಅದು ನಿಮಗಷ್ಟೇ ಗೊತ್ತು. ಬುಧವಾರ ಕೊನೆಯ ಪೀರಿಯಡ್ ಆದ ಮೇಲೆ ಸ್ಟಾಫ್ ರೂಮಿಗೆ ಬರಲೇ? ಒಪ್ಪಿಗೆ ಪತ್ರದ ಕರಡು ಮತ್ತು ಬೇಯ್ಸ್ ಪಾಠದ ಮೊದಲ ಐದು ನಿಮಿಷಕ್ಕೆ ಖಾಲಿ ಗುರುತು ಹಾಳೆ ತರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಸಹನಾ
ಬಿ.ಎಸ್ಸಿ. ಆರನೇ ಸೆಮಿಸ್ಟರ್, ಸಂಖ್ಯಾಶಾಸ್ತ್ರ